ಸಿನಿಮಾ ಇತಿಹಾಸವನ್ನು ಕ್ರಮವಾಗಿ ನೋಡುತ್ತಿದ್ದೇನೆ, ಆದರೆ ‘ಹೊಸತು’ ಯಾವುದು ಅಂತ ಕಾಣುತ್ತಿಲ್ಲ

ಗುಮ್ಮಟದೂರು (ವಿಜಯಪುರ)

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದವನು, ಬ್ಯಾಂಕಿನಲ್ಲಿ ಕೆಲಸ. ಸಿನಿಮಾ ಇತಿಹಾಸವನ್ನು ಪುಸ್ತಕ ಓದಿ ಅಲ್ಲ, ಸಿನಿಮಾ ನೋಡಿಯೇ ಕಲಿಯಬೇಕು ಅಂತ ಕಳೆದ ವರ್ಷ ಶುರು ಮಾಡಿದೆ. 1895ರಿಂದ ಹಿಡಿದೆ. ಮೂಕಿ ಚಿತ್ರಗಳಲ್ಲೇ ನಾಲ್ಕು ತಿಂಗಳು ಹೋಯಿತು, ಸುಸ್ತಾಗಿ ಬಿಟ್ಟೆ. ಈಗ ಮಹಾಯುದ್ಧ ಮುಗಿದ ಕಾಲದಿಂದ ಮತ್ತೆ ಹಿಡಿದಿದ್ದೇನೆ. ಮೊದಲು ಇಟಲಿಯ ನಿಯೋರಿಯಲಿಸಂ, ಆಮೇಲೆ ಫ್ರಾನ್ಸಿನ ಹೊಸ ಅಲೆ.

ಇಲ್ಲಿಯವರೆಗೆ ‘ರೋಮ್, ಓಪನ್ ಸಿಟಿ’ (1945), ‘ಬೈಸಿಕಲ್ ಥೀವ್ಸ್’ (1948) ಮತ್ತು ‘ಬ್ರೆತ್‌ಲೆಸ್’ (1960) ನೋಡಿದೆ. ಬೈಸಿಕಲ್ ಥೀವ್ಸ್ ಕೊನೆಗೆ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಇದರಿಂದ ಸಿನಿಮಾ ದಿಕ್ಕೇ ಬದಲಾಯಿತು ಅನ್ನುತ್ತಾರಲ್ಲ, ಅದು ನನಗೆ ಕಾಣಲಿಲ್ಲ. ಬಡವನ ಕಥೆ, ಬೀದಿಯಲ್ಲಿ ಶೂಟಿಂಗ್. ಅಂಥವು ಎಷ್ಟೋ ಬಂದಿವೆ ಅಲ್ವಾ? ಬ್ರೆತ್‌ಲೆಸ್ ಅಂತೂ ಅರ್ಧಕ್ಕೇ ಬೇಸರವಾಯಿತು.

ಇನ್ನೊಂದು ತೊಂದರೆ. ಇಟಾಲಿಯನ್ ಚಿತ್ರಗಳಲ್ಲಿ ತುಟಿಗೂ ಮಾತಿಗೂ ಹೊಂದುತ್ತಿಲ್ಲ. ಬೇರೆ ಬೇರೆ ಕಡೆ ಮೂರು ಪ್ರತಿ ಹುಡುಕಿ ನೋಡಿದೆ, ಮೂರೂ ಹಾಗೇ. ಸರಿಯಾದ ಪ್ರತಿ ಎಲ್ಲಿ ಸಿಗುತ್ತದೆ?

ನವನಗರದ ಹುಡುಗ (ಬಾಗಲಕೋಟೆ)

ಸರ್, ಹೊಸ ಅಲೆ ಅಂದರೆ ‘ತಿಥಿ’ಯಿಂದ ಶುರು ಮಾಡಿ. ಅದಕ್ಕಿಂತ ಮೊದಲು ‘ಲೂಸಿಯಾ’ ಬಂತು. ನಮ್ಮ ಕನ್ನಡದ ಹೊಸ ಅಲೆ ಇತ್ತೀಚೆಗೆ ಬಂದದ್ದೇ. ಹಳೆಯ ಕಪ್ಪು ಬಿಳುಪು ಚಿತ್ರ ಯಾಕೆ ಕಷ್ಟಪಟ್ಟು ನೋಡುತ್ತೀರಿ?

ಕೋಟೆ ಕೆರೆ (ಬೆಳಗಾವಿ)

ಅವರು ಕೇಳಿದ್ದು 1960ರ ಸುಮಾರಿನ ಫ್ರೆಂಚ್ ಹೊಸ ಅಲೆಯ ಬಗ್ಗೆ.

ನಿಯೋರಿಯಲಿಸಂ ತುಂಬ ಸರಳ. ನಟರಿಲ್ಲ, ಸೆಟ್ ಇಲ್ಲ, ಸ್ಕ್ರಿಪ್ಟ್ ಇಲ್ಲ. ಕ್ಯಾಮೆರಾ ತೆಗೆದುಕೊಂಡು ಬೀದಿಗೆ ಹೋದರು, ಕಂಡದ್ದನ್ನು ಹಿಡಿದರು. ಯುದ್ಧದಲ್ಲಿ ಸ್ಟುಡಿಯೊ ಕೈತಪ್ಪಿತ್ತು, ದುಡ್ಡೂ ಇರಲಿಲ್ಲ. ಬೇರೆ ದಾರಿಯೇ ಇರಲಿಲ್ಲ. ಈ ನಿಜ ಗೊತ್ತಿದ್ದರೆ ‘ಹೊಸತು’ ಯಾವುದು ಅಂತ ತಾನೇ ತಿಳಿಯುತ್ತದೆ. ತುಟಿ ಹೊಂದದಿದ್ದರೆ ಅದು ಇಂಗ್ಲಿಷಿಗೋ ಬೇರೆ ಭಾಷೆಗೋ ಡಬ್ ಆದ ಪ್ರತಿ ಇರಬೇಕು. ಮೂಲ ಇಟಾಲಿಯನ್ ಪ್ರತಿ ಹುಡುಕಿ.

ಗುಮ್ಮಟದೂರು

ನಾನು ನೋಡಿದ್ದು ಇಟಾಲಿಯನ್ ಭಾಷೆಯದ್ದೇ. ಆದರೂ ಹೊಂದುವುದಿಲ್ಲ.

ಟಿಳಕವಾಡಿ ಓದುಗಿ (ಬೆಳಗಾವಿ)

ಪ್ರತಿ ಹುಡುಕುವುದು ನಿಲ್ಲಿಸಿ. ನಿಮ್ಮ ಹತ್ತಿರ ಇರುವುದೇ ಸರಿಯಾದ ಪ್ರತಿ. ಆಗಿನ ಇಟಲಿಯಲ್ಲಿ ಹೆಚ್ಚಿನ ಚಿತ್ರಗಳ ಮಾತನ್ನು ಶೂಟಿಂಗ್ ಮುಗಿದ ಮೇಲೆ ಸ್ಟುಡಿಯೊದಲ್ಲಿ ಸೇರಿಸುತ್ತಿದ್ದರು. ಬೈಸಿಕಲ್ ಥೀವ್ಸ್‌ನ ತಂದೆ ಲಾಂಬೆರ್ತೊ ಮಜೊರಾನಿ ನಿಜವಾಗಿ ಕಾರ್ಖಾನೆ ಕೆಲಸಗಾರ. ಮುಖ ಅವರದು, ಆದರೆ ನೀವು ಕೇಳುವ ದನಿ ಬೇರೊಬ್ಬರದು. ‘ಅತ್ಯಂತ ಸಹಜ’ ಅಂತ ಹೊಗಳುವ ಚಿತ್ರದಲ್ಲಿ ದನಿ ಮಾತ್ರ ಎರವಲು. ಇದನ್ನು ಮೊದಲೇ ತಿಳಿದುಕೊಂಡರೆ ಕಣ್ಣು ತುಟಿಯ ಮೇಲೆ ಸಿಕ್ಕಿಕೊಳ್ಳುವುದಿಲ್ಲ.

ಕೋಟೆ ಕೆರೆಯವರೇ, ನೀವು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ರೋಮ್‌ನ ಚಿನೆಚಿತ್ತಾ ಸ್ಟುಡಿಯೊ ಯುದ್ಧದ ನಂತರ ನಿರಾಶ್ರಿತರ ಶಿಬಿರವಾಗಿತ್ತು, ಅದು ನಿಜ. ಆದರೆ ‘ನಟರಿಲ್ಲ’ ಅನ್ನುವುದು ತಪ್ಪು. ‘ರೋಮ್, ಓಪನ್ ಸಿಟಿ’ಯ ಆನಾ ಮಾಗ್ನಾನಿ ಮತ್ತು ಆಲ್ಡೊ ಫಾಬ್ರಿತ್ಸಿ ಇಬ್ಬರೂ ರಂಗದ ಮೇಲೆ ಜನರನ್ನು ನಗಿಸಿ ಹೆಸರು ಮಾಡಿದ ಪಳಗಿದ ನಟರು. ಆ ಚಿತ್ರದ ಗೆಸ್ಟಾಪೊ ಕಚೇರಿ ಸೆಟ್ಟೇ. ಬೈಸಿಕಲ್ ಥೀವ್ಸ್‌ಗೆ ಸ್ಕ್ರಿಪ್ಟ್ ಇಲ್ಲ ಅನ್ನುವುದಂತೂ ಆಗುವುದೇ ಇಲ್ಲ. ಚೆಸಾರೆ ಜವಾತ್ತಿನಿ, ಸೂಸೊ ಚೆಕ್ಕಿ ಡಾಮಿಕೊ ಸೇರಿ ಹಲವರು ಕೂತು ಬರೆದದ್ದು ಅದು. ಹಾಸಿಗೆಯ ಚಾದರಗಳನ್ನು ಅಡವಿಟ್ಟು ಸೈಕಲ್ ಬಿಡಿಸಿಕೊಳ್ಳುತ್ತಾರೆ, ಕೆಲಸದ ಮೊದಲ ದಿನವೇ ಅದು ಕಳುವಾಗುತ್ತದೆ, ಕೊನೆಗೆ ತಂದೆಯೇ ಇನ್ನೊಬ್ಬರ ಸೈಕಲ್‌ಗೆ ಕೈ ಹಾಕುತ್ತಾನೆ. ಇಷ್ಟು ಬಿಗಿಯಾದ ಕಥೆ ಬೀದಿಯಲ್ಲಿ ಸುಮ್ನೆ ಸಿಗುವುದಿಲ್ಲ.

ಈಗ ಮೂಲ ಪ್ರಶ್ನೆ. ಹೊಸತು ಕಾಣದಿರುವುದಕ್ಕೆ ಕಾರಣ ನಿಮ್ಮ ಕಣ್ಣಲ್ಲ, ನಿಮ್ಮ ಪಟ್ಟಿ. ನೀವು ಬಂಡಾಯವನ್ನು ಮಾತ್ರ ನೋಡಿದ್ದೀರಿ. ಯಾವುದರ ವಿರುದ್ಧ ಬಂಡಾಯ ಅನ್ನುವುದನ್ನು ನೋಡಿಲ್ಲ.

ಒಂದು ಕೆಲಸ ಮಾಡಿ. ಮಾರಿಯೊ ಕಾಮೆರಿನಿ ಮಾಡಿದ ‘ಇಲ್ ಸಿನ್ಯೊರ್ ಮ್ಯಾಕ್ಸ್’ (1937) ಹುಡುಕಿ ನೋಡಿ. ಪತ್ರಿಕೆ ಮಾರುವವನೊಬ್ಬ ಸಾಹುಕಾರನ ವೇಷ ಹಾಕಿ ದೊಡ್ಡವರ ನಡುವೆ ಓಡಾಡುವ ಹಗುರ ಹಾಸ್ಯ. ಅದರ ನಾಯಕ ಯಾರು ಗೊತ್ತೇ? ವಿತ್ತೋರಿಯೊ ಡಿ ಸಿಕಾ! ಹನ್ನೊಂದು ವರ್ಷದ ನಂತರ ಬೈಸಿಕಲ್ ಥೀವ್ಸ್ ನಿರ್ದೇಶಿಸಿದವರು ಅವರೇ. ಒಂದು ಸಂಜೆ ಇದು, ಮರುದಿನ ಅದು. ಎರಡರಲ್ಲೂ ದುಡ್ಡಿಲ್ಲದ ಮನುಷ್ಯನೇ ನಾಯಕ. ಒಂದರಲ್ಲಿ ಬಡತನ ಕಥೆಯ ತಿರುವಿಗೆ ಬೇಕು. ಇನ್ನೊಂದರಲ್ಲಿ ಬಡತನವೇ ಕಥೆ. ಆ ವ್ಯತ್ಯಾಸ ಆಗ ತಾನಾಗಿ ಕಾಣುತ್ತದೆ.

ರಬಕವಿ ಮಗ್ಗ (ಬಾಗಲಕೋಟೆ ಜಿಲ್ಲೆ)

ನಮ್ಮ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಇವೆ. ರಾತ್ರಿ ಕರೆಂಟು ಹೋದಾಗ ಲ್ಯಾಪ್‌ಟಾಪಿನಲ್ಲಿ ಸಿನಿಮಾ ನೋಡುವ ಚಟ ನನಗೆ. ಒಂದು ದಿನ ಬೈಸಿಕಲ್ ಥೀವ್ಸ್ ಹಾಕಿದ್ದೆ, ಅಪ್ಪ ಬಂದು ಪಕ್ಕ ಕೂತರು. ಅವರಿಗೆ ಇಂಗ್ಲಿಷ್ ಸಬ್‌ಟೈಟಲ್ ಓದಲು ಬರುವುದಿಲ್ಲ. ಚಾದರದ ಗಂಟು ಹೊತ್ತುಕೊಂಡು ಗಿರವಿ ಅಂಗಡಿಯವನು ಕಪಾಟು ಹತ್ತುತ್ತಾನಲ್ಲ, ಮೇಲೆ, ಇನ್ನೂ ಮೇಲೆ, ಎಲ್ಲೆಲ್ಲೂ ಬೇರೆಯವರ ಗಂಟುಗಳೇ. ಅಲ್ಲಿ ಅಪ್ಪ, ‘ನಿಲ್ಲಿಸು, ಮತ್ತೊಮ್ಮೆ ತೋರಿಸು’ ಅಂದರು. ನೂಲಿನ ರೇಟು ಏರಿದ ವರ್ಷ ಅವ್ವನ ಬಳೆ ಅಡವಿಟ್ಟದ್ದು ನಮಗೆಲ್ಲ ನೆನಪಿದೆ. ‘ಊರ ಮಂದಿದೆಲ್ಲಾ ಅಲ್ಲೇ ಐತಲ್ಲೋ’ ಅಂದರು.

ಅದಕ್ಕೇ ಕೇಳುತ್ತೇನೆ. ಮೊದಲಿನ ಹಗುರ ಚಿತ್ರ ನೋಡಿಯೇ ಇದನ್ನು ನೋಡಬೇಕೇ? ಅಪ್ಪ ಯಾವ ಕ್ರಮದಲ್ಲೂ ನೋಡಲಿಲ್ಲ. ಅವರಿಗೆ ಅರ್ಥವಾಯಿತು.

ಟಿಳಕವಾಡಿ ಓದುಗಿ

ಅಣ್ಣಾ, ನಿಮ್ಮ ತಂದೆಯವರು ಕಂಡದ್ದು ಚಿತ್ರದ ಜೀವ. ಅದಕ್ಕೆ ಕ್ರಮ ಬೇಡ. ಗುಮ್ಮಟದೂರಿನವರು ಕೇಳುತ್ತಿರುವುದು ಬೇರೆ, ಒಂದು ಚಿತ್ರದಿಂದ ಇನ್ನೊಂದಕ್ಕೆ ಏನು ಬದಲಾಯಿತು ಅಂತ. ಅದಕ್ಕೆ ಮಾತ್ರ ಕ್ರಮ ಬೇಕು.

ನನಗೆ ಇದು ತಿಳಿದದ್ದು ಪುಣೆಯಲ್ಲಿ, ಚಿತ್ರ ರಸಗ್ರಹಣದ ಕೋರ್ಸಿಗೆ ಹೋದಾಗ. ಅಲ್ಲಿಂದ ಬಂದ ಮೇಲೆ ನಾನು ಎಲ್ಲವನ್ನೂ ಗಮನಿಸುವುದು ಬಿಟ್ಟೆ. ಒಂದೇ ಒಂದು ಸಂಗತಿ ಹಿಡಿದುಕೊಂಡು ಮೂರು ಚಿತ್ರ ದಾಟುತ್ತೇನೆ. ನನ್ನ ಸಂಗತಿ ‘ಹೊತ್ತು’. ಒಂದು ಕೆಲಸಕ್ಕೆ ನಿಜವಾಗಿ ಹಿಡಿಯುವ ಹೊತ್ತಿಗೂ ತೆರೆಯ ಮೇಲೆ ಅದು ಹಿಡಿಯುವ ಹೊತ್ತಿಗೂ ಏನು ಸಂಬಂಧ?

ಮೊದಲು ಡಿ ಸಿಕಾ ಅವರ ‘ಉಂಬೆರ್ತೊ ಡಿ’ (1952). ಅದರಲ್ಲಿ ಮನೆಗೆಲಸದ ಹುಡುಗಿ ಮಾರಿಯಾ ಬೆಳಿಗ್ಗೆ ಎದ್ದು ಅಡುಗೆಮನೆಗೆ ಬರುತ್ತಾಳೆ. ಕಡ್ಡಿ ಗೀರುತ್ತಾಳೆ. ಗೋಡೆಯ ಮೇಲಿನ ಇರುವೆಗಳಿಗೆ ನೀರು ಬಿಡುತ್ತಾಳೆ. ಕೂತು ಕಾಫಿ ಬೀಜ ಅರೆಯುತ್ತಾಳೆ. ಎದ್ದು ಹೋಗದೆ ಕಾಲ ತುದಿ ಚಾಚಿ ಬಾಗಿಲು ಮುಚ್ಚುತ್ತಾಳೆ. ನಡುವೆ ತನ್ನ ಹೊಟ್ಟೆಯ ಕಡೆ ನೋಡಿಕೊಳ್ಳುತ್ತಾಳೆ. ಅವಳು ಬಸುರಿ, ಮದುವೆಯಾಗಿಲ್ಲ. ಕಣ್ಣಲ್ಲಿ ನೀರು. ಮಾತಿಲ್ಲ. ಬೇರೆ ಯಾವ ಚಿತ್ರದಲ್ಲಾದರೂ ಇದು ‘ಹುಡುಗಿ ಕಾಫಿ ಮಾಡಿದಳು’ ಅನ್ನುವ ಒಂದು ಶಾಟ್. ಇಲ್ಲಿ ಕಥೆ ನಿಂತುಬಿಡುತ್ತದೆ, ಬೆಳಗು ಮಾತ್ರ ನಡೆಯುತ್ತದೆ. ಆಂದ್ರೆ ಬಾಜಾನ್ ಎಂಬ ಫ್ರೆಂಚ್ ವಿಮರ್ಶಕರು ಈ ದೃಶ್ಯವನ್ನೇ ಎತ್ತಿ ಹಿಡಿದು ಬರೆದರು.

ಈ ಬಾಜಾನ್ ನಮ್ಮ ಸೇತುವೆ. ಅಂಡಲೆಯುತ್ತಿದ್ದ ಹುಡುಗ ಫ್ರಾನ್ಸ್ವಾ ತ್ರೂಫೊನನ್ನು ಹತ್ತಿರ ಕರೆದು ಬೆಳೆಸಿದವರು ಅವರೇ. ತ್ರೂಫೊ ತಮ್ಮ ಮೊದಲ ದೊಡ್ಡ ಚಿತ್ರ ‘ದ ಫೋರ್ ಹಂಡ್ರೆಡ್ ಬ್ಲೋಸ್’ನ ಶೂಟಿಂಗ್ ಶುರು ಮಾಡಿದ್ದು 1958ರ ನವೆಂಬರಿನಲ್ಲಿ. ಅದೇ ಹೊತ್ತಿಗೆ ಬಾಜಾನ್ ತೀರಿಕೊಂಡರು. 1959ರಲ್ಲಿ ಬಂದ ಆ ಚಿತ್ರವನ್ನು ಅವರಿಗೇ ಅರ್ಪಿಸಿದ್ದಾರೆ. ಅದರ ಕೊನೆ ನೋಡಿ. ಹುಡುಗ ಆಂತ್ವಾನ್ ಸುಧಾರಣಾ ಶಾಲೆಯಿಂದ ತಪ್ಪಿಸಿಕೊಂಡು ಓಡುತ್ತಾನೆ. ಕ್ಯಾಮೆರಾ ಪಕ್ಕದಲ್ಲೇ ಓಡುತ್ತದೆ, ಕತ್ತರಿಸುವುದೇ ಇಲ್ಲ ಅನ್ನಿಸುವಷ್ಟು ಹೊತ್ತು. ಅದು ಮಾರಿಯಾಳ ಅಡುಗೆಮನೆಯಿಂದ ಬಂದ ಹೊತ್ತು. ಆಮೇಲೆ ಸಮುದ್ರ. ಹುಡುಗ ತಿರುಗುತ್ತಾನೆ, ಚಿತ್ರ ಅಲ್ಲೇ ಕಲ್ಲಾಗುತ್ತದೆ. ಹೊತ್ತನ್ನು ಹರಿಯಲು ಬಿಟ್ಟವರು ಈಗ ಅದನ್ನು ತಡೆದು ನಿಲ್ಲಿಸಿದರು.

ಇದಾದ ಮೇಲೆ ಬ್ರೆತ್‌ಲೆಸ್‌ಗೆ ಹೋಗಿ. ನೀವು ಮೇಲಿಂದ ನೇರ ಅಲ್ಲಿಗೆ ಹಾರಿದ್ದೀರಿ, ನಡುವಿನ ಮೆಟ್ಟಿಲು ಬಿಟ್ಟಿದ್ದೀರಿ.

ಕೋಟೆ ಕೆರೆ

ಮಾಗ್ನಾನಿ ವಿಷಯ ಒಪ್ಪಿದೆ ಮೇಡಂ. ಸ್ಕ್ರಿಪ್ಟ್ ವಿಷಯವೂ. ಆದರೆ ಬ್ರೆತ್‌ಲೆಸ್‌ನ ಜಿಗಿಯುವ ಕಟ್‌ಗಳು ಬೇಕೆಂದೇ ಮಾಡಿದ ಬಂಡಾಯ ಅಲ್ಲ, ಚಿತ್ರ ಉದ್ದವಾಯಿತು ಅಂತ ಕತ್ತರಿಸಿದ್ದು ಅಂತ ಓದಿದ್ದೇನೆ. ಅಂದ ಮೇಲೆ ಅದಕ್ಕೆ ಇಷ್ಟು ಅರ್ಥ ಯಾಕೆ?

ಟಿಳಕವಾಡಿ ಓದುಗಿ

ಉದ್ದವಾಗಿತ್ತು ಅನ್ನುವುದು ನಿಜ. ಅದರ ನಿರ್ದೇಶಕ ಗೊದಾರ್ ಅವರೇ ಹಾಗೆ ಹೇಳಿದ್ದಾರೆ. ಆದರೆ ಉದ್ದವಾದ ಚಿತ್ರವನ್ನು ಎಲ್ಲರೂ ಕಡಿಮೆ ಮಾಡುತ್ತಾರೆ. ರೂಢಿಯ ದಾರಿ ಅಂದರೆ ಇಡೀ ದೃಶ್ಯವೊಂದನ್ನು ತೆಗೆದುಹಾಕುವುದು. ಅವರು ದೃಶ್ಯ ಉಳಿಸಿಕೊಂಡು ಅದರ ಹೊಟ್ಟೆಯೊಳಗೆ ಕತ್ತರಿ ಹಾಕಿದರು. ಮೇಲ್ಚಾವಣಿ ಇಲ್ಲದ ಕಾರಿನಲ್ಲಿ ನಾಯಕಿ ಪಟ್ರೀಷಿಯಾ ಕೂತಿದ್ದಾಳೆ, ಹಿಂದಿನಿಂದ ಅವಳ ತಲೆ ಕಾಣುತ್ತದೆ. ನಾಯಕ ಮಿಶೆಲ್‌ನ ಮಾತು ಎಡೆಬಿಡದೆ ಕೇಳುತ್ತದೆ. ಚಿತ್ರ ಮಾತ್ರ ಹಾರಿ ಹಾರಿ ಬೀಳುತ್ತದೆ, ಹಿಂದಿನ ರಸ್ತೆ ತಟ್ಟನೆ ಬೇರೆಯಾಗುತ್ತದೆ. ಮುಂದಿನ ಸಲ ಆ ದೃಶ್ಯವನ್ನು ಒಮ್ಮೆ ದನಿ ಮುಚ್ಚಿ ನೋಡಿ, ಇನ್ನೊಮ್ಮೆ ಕಣ್ಣು ಮುಚ್ಚಿ ಕೇಳಿ. ಕಿವಿಗೆ ಒಂದೇ ಪಯಣ, ಕಣ್ಣಿಗೆ ಚೂರು ಚೂರು.

ಇಲ್ಲೂ ಮಾತನ್ನು ಆಮೇಲೆ ಸೇರಿಸಿದ್ದೇ. ರೌಲ್ ಕುತಾರ್ ಕೈಯಲ್ಲಿ ಹಿಡಿದ ಕ್ಯಾಮೆರಾ ಅಷ್ಟು ಸದ್ದು ಮಾಡುತ್ತಿತ್ತು. ಗೊದಾರ್ ಪಕ್ಕದಲ್ಲಿ ನಿಂತು ಸಾಲು ಹೇಳಿಕೊಡುತ್ತಿದ್ದರು, ನಟರು ಹೇಳುತ್ತಿದ್ದರು. ಕ್ಯಾಮೆರಾ ಮುಂದಕ್ಕೆ ಹೋಗಬೇಕಾದಾಗ ಕುತಾರ್ ಅವರನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿ ತಳ್ಳಿದರು. ಕಡಿಮೆ ಬೆಳಕಿನಲ್ಲೂ ಹಿಡಿಯಲಿ ಅಂತ ಫೋಟೊ ಕ್ಯಾಮೆರಾಗೆ ಮಾಡಿದ ಫಿಲ್ಮಿನ ತುಂಡುಗಳನ್ನು ಜೋಡಿಸಿ ರಾತ್ರಿ ದೃಶ್ಯಗಳಿಗೆ ಬಳಸಿದರು. ತುಟಿ ಹೊಂದದ ರೋಮ್‌ನಿಂದ ಈ ಪ್ಯಾರಿಸ್‌ಗೆ ಒಂದು ಗೆರೆ ಎಳೆಯಬಹುದು. ದನಿ ಹಿಡಿಯುವ ಚಿಂತೆ ಇಲ್ಲದ್ದರಿಂದಲೇ ಎರಡೂ ಕಡೆ ಕ್ಯಾಮೆರಾ ಅಷ್ಟು ಸಲೀಸಾಗಿ ಬೀದಿಗೆ ಇಳಿಯಿತು.

ನವನಗರದ ಹುಡುಗ

ನಾನು ಪ್ರಶ್ನೆ ತಪ್ಪು ತಿಳಿದಿದ್ದೆ, ಕ್ಷಮಿಸಿ. ಆದರೆ ಈಗ ಒಂದು ಹೊಳೆಯಿತು. ‘ತಿಥಿ’ಯಲ್ಲಿ ಮಂಡ್ಯ ಕಡೆಯ ಹಳ್ಳಿಯವರೇ ನಟಿಸಿದ್ದಾರೆ, ಮಾತು ಶೂಟಿಂಗ್ ಜಾಗದಲ್ಲೇ ರೆಕಾರ್ಡ್ ಆದದ್ದು. ಅಂದರೆ ಇಟಲಿಯವರಿಗೆ ಆಗದ್ದು ಅಲ್ಲಿ ಆಗಿದೆ, ಮುಖವೂ ಅವರದೇ, ದನಿಯೂ ಅವರದೇ. ಸರಿ ತಾನೇ ಅಕ್ಕಾ?

ಟಿಳಕವಾಡಿ ಓದುಗಿ

ಸರಿ. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಒಂದು ಚಿತ್ರ ಮಾತ್ರ ಸೇರಿಸಿಕೊಳ್ಳಿ, ವಿಸ್ಕೊಂತಿ ಅವರ ‘ಲಾ ತೆರ್ರಾ ತ್ರೆಮಾ’ (1948). ಸಿಸಿಲಿಯ ಆಚಿ ತ್ರೆತ್ಸಾ ಎಂಬ ಊರಿನ ಮೀನುಗಾರರೇ ಅದರಲ್ಲಿ ಇದ್ದಾರೆ, ಆಡುವುದು ಅವರ ಊರ ಮಾತೇ. ಸಿಸಿಲಿಯಲ್ಲಿ ಇಟಾಲಿಯನ್ ಬಡವರ ಭಾಷೆಯಲ್ಲ ಅಂತ ಚಿತ್ರದ ಆರಂಭದಲ್ಲೇ ಬರೆದು ತೋರಿಸುತ್ತಾರೆ. ಉಳಿದ ಇಟಲಿಗೆ ಆ ಮಾತು ತಿಳಿಯುವುದಿಲ್ಲ ಅಂತ ನಡುನಡುವೆ ಇಟಾಲಿಯನ್‌ನಲ್ಲಿ ನಿರೂಪಣೆ ಸೇರಿಸಿದ್ದಾರೆ.

ರಬಕವಿ ಮಗ್ಗ

ಇದನ್ನು ಓದಿ ಮೈ ಜುಮ್ಮೆಂದಿತು. ನಮ್ಮ ಕಡೆಯ ಮಾತು ಕನ್ನಡ ಸಿನಿಮಾದಲ್ಲಿ ಬಂದರೆ ನಗಿಸಲಿಕ್ಕೇ ಬರುತ್ತದೆ ಅಂತ ನನಗೆ ಬಹಳ ವರ್ಷದ ನೋವಿದೆ. ಅಲ್ಲಿ 1948ರಲ್ಲೇ ಅಳುವುದಕ್ಕೂ ಸಿಟ್ಟಿಗೂ ಊರ ಮಾತು ಬಳಸಿದರಲ್ಲ. ಆ ನಿರೂಪಣೆ ಇಲ್ಲದೆ ನೋಡಬಹುದೇ?

ಟಿಳಕವಾಡಿ ಓದುಗಿ

ಸಬ್‌ಟೈಟಲ್ ಇದ್ದರೆ ನಿರೂಪಣೆಯ ಅಗತ್ಯ ನಿಮಗಿಲ್ಲ, ಆದರೆ ಅದು ಚಿತ್ರದ ದನಿಯಲ್ಲೇ ಬೆರೆತಿದೆ, ಬೇರೆ ಮಾಡಲು ಬರುವುದಿಲ್ಲ. ಚಿತ್ರ ಎರಡೂವರೆ ಗಂಟೆಗಿಂತ ಜಾಸ್ತಿ ಇದೆ. ಒಂದೇ ರಾತ್ರಿ ಮುಗಿಸಬೇಕು ಅಂತ ಕೂರಬೇಡಿ.

ಇಂಡಿ ರೋಡ್ (ವಿಜಯಪುರ)

ಇದೆಲ್ಲ ಓದಿದೆ. ನನಗೆ ಈ ಕ್ರಮವೇ ಸರಿ ಕಾಣುವುದಿಲ್ಲ. ಇಟಲಿ ಮುಗಿಸಿ ಫ್ರಾನ್ಸ್, ಫ್ರಾನ್ಸ್ ಮುಗಿಸಿ ನಮ್ಮವರು. ಅಂದರೆ ನಾವು ಯಾವಾಗಲೂ ಕೊನೆಯ ಬೆಂಚಿನವರೇ? ಸತ್ಯಜಿತ್ ರಾಯ್ 1950ರಲ್ಲಿ ಲಂಡನ್‌ನಲ್ಲಿದ್ದಾಗ ಕೆಲವೇ ತಿಂಗಳಲ್ಲಿ ನೂರರ ಹತ್ತಿರ ಚಿತ್ರ ನೋಡಿದರು, ಯಾವ ಕ್ರಮವೂ ಇಲ್ಲದೆ. ಬೈಸಿಕಲ್ ಥೀವ್ಸ್ ನೋಡಿದ್ದು ಅಲ್ಲೇ. ‘ಪಥೇರ್ ಪಾಂಚಾಲಿ’ ಬಂದದ್ದು 1955ರಲ್ಲಿ, ತ್ರೂಫೊ ಚಿತ್ರಕ್ಕಿಂತ ನಾಲ್ಕು ವರ್ಷ ಮೊದಲು. 1952ರಲ್ಲಿ ಮುಂಬೈಯಲ್ಲಿ ಶುರುವಾದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಇಟಲಿಯ ಈ ಚಿತ್ರಗಳು ಬಂದವು. ಮರುವರ್ಷವೇ ಬಿಮಲ್ ರಾಯ್ ‘ದೋ ಬೀಘಾ ಜಮೀನ್’ ಮಾಡಿದರು. ಇವನ್ನು ಫ್ರಾನ್ಸಿನ ನಂತರ ಇಡುವುದು ತಪ್ಪು.

ಟಿಳಕವಾಡಿ ಓದುಗಿ

ತಾರೀಖಿನ ವಿಷಯದಲ್ಲಿ ನೀವು ಹೇಳಿದ್ದು ಪೂರ್ತಿ ಸರಿ. ಪಥೇರ್ ಪಾಂಚಾಲಿಯನ್ನು ಉಂಬೆರ್ತೊ ಡಿ ಪಕ್ಕದಲ್ಲೇ ಇಡಬೇಕು. ದೋ ಬೀಘಾ ಜಮೀನ್ ನನಗೆ ಬೇರೆ ಕಾರಣಕ್ಕೆ ಇಷ್ಟ. ಬಲರಾಜ್ ಸಾಹ್ನಿ ಕಲ್ಕತ್ತೆಯ ಬೀದಿಯಲ್ಲಿ ಕೈಗಾಡಿ ರಿಕ್ಷಾ ಎಳೆಯುವಾಗ ಇಟಲಿ ನೆನಪಾಗುತ್ತದೆ. ಆಮೇಲೆ ಸಲಿಲ್ ಚೌಧರಿಯವರ ಹಾಡು ಬರುತ್ತದೆ. ಹಾಡು ಬಿಡದೆಯೂ ಆ ಬೀದಿಗೆ ಇಳಿದರು, ಅದು ನಮ್ಮವರ ದಾರಿ.

ಇಂಡಿ ರೋಡ್

ಸರಿ. ಹಾಗಾದರೆ ‘ಸಂಸ್ಕಾರ’ (1970) ಎಲ್ಲಿ ಇಡುತ್ತೀರಿ?

ಟಿಳಕವಾಡಿ ಓದುಗಿ

ಅಲ್ಲೇ ನನಗೂ ಸಿಕ್ಕು. ನಾನು ಅದನ್ನು ಬ್ರೆತ್‌ಲೆಸ್ ಆದ ಮೇಲೆ ನೋಡಿದೆ. ಆದರೆ ಅದು ಫ್ರಾನ್ಸಿನಿಂದ ಬಂದದ್ದಲ್ಲ. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುವಾಗ ಬರ್ಗ್‌ಮನ್ ಅವರ ‘ದ ಸೆವೆಂತ್ ಸೀಲ್’ ನೋಡಿದರು, ಅದೂ ಸಬ್‌ಟೈಟಲ್ ಇಲ್ಲದೆ. ಆ ಗುಂಗಿನಲ್ಲೇ ಕಾದಂಬರಿ ಹುಟ್ಟಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಅಂದರೆ ಸ್ವೀಡನ್ನಿನ ಚಿತ್ರದಿಂದ ಕನ್ನಡದ ಕಾದಂಬರಿ, ಕಾದಂಬರಿಯಿಂದ ಮತ್ತೆ ಚಿತ್ರ. ಅದಕ್ಕೆ ಕ್ಯಾಮೆರಾ ಹಿಡಿದದ್ದು ಆಸ್ಟ್ರೇಲಿಯದ ಟಾಮ್ ಕೋವನ್.

ಇಂಡಿ ರೋಡ್

ನನ್ನ ಲೆಕ್ಕದಲ್ಲಿ ಅದರ ಮೊದಲಿನ ಮೆಟ್ಟಿಲು ಸಿನಿಮಾ ಅಲ್ಲ, ನವ್ಯ ಸಾಹಿತ್ಯ. ಕಾದಂಬರಿ ಓದಿ ಆಮೇಲೆ ಚಿತ್ರ ನೋಡಬೇಕು.

ಕೋಟೆ ಕೆರೆ

ಓದದೆ ನೋಡಿದವರಿಗೂ ಅದು ಚಿತ್ರವಾಗಿ ನಿಲ್ಲಬೇಕಲ್ಲ? ನಾನು ಓದಿಲ್ಲ. ನನಗೆ ಅಗ್ರಹಾರದ ಮುಖಗಳೇ ಸಾಕಾದವು.

ಇಂಡಿ ರೋಡ್

ಇದನ್ನು ನಾನು ಒಪ್ಪುವುದಿಲ್ಲ. ಓದಿ ಬನ್ನಿ, ಆಮೇಲೆ ಮಾತಾಡೋಣ.

ಗುಮ್ಮಟದೂರು

ಹದಿನೈದು ದಿನ ಬಿಟ್ಟು ಬರೆಯುತ್ತಿದ್ದೇನೆ. ಸಿನ್ಯೊರ್ ಮ್ಯಾಕ್ಸ್ ಸಿಕ್ಕಿತು, ನೋಡಿದೆ. ಮರುದಿನ ಬೈಸಿಕಲ್ ಥೀವ್ಸ್ ಮತ್ತೆ ಹಾಕಿದೆ. ಮೊದಲ ಸಲ ಗಮನಿಸದೇ ಇದ್ದದ್ದು ಕಂಡಿತು. ತಂದೆ ಮಗ ಸೈಕಲ್ ಹುಡುಕುವಾಗ ಜೋರು ಮಳೆ ಬಂದು ಗೋಡೆ ಪಕ್ಕ ನಿಲ್ಲುತ್ತಾರೆ. ಕಥೆಗೆ ಆ ಮಳೆಯಿಂದ ಏನೂ ಆಗಬೇಕಿಲ್ಲ. ಆದರೂ ಅವರು ಕಾಯುತ್ತಾರೆ, ನಾವೂ ಕಾಯುತ್ತೇವೆ. ಮ್ಯಾಕ್ಸ್‌ನಲ್ಲಿ ಯಾರೂ ಸುಮ್ನೆ ಕಾಯುವುದಿಲ್ಲ, ಪ್ರತಿ ನಿಮಿಷವೂ ಮುಂದಿನ ತಿರುವಿಗೆ ಓಡುತ್ತದೆ. ಮೇಡಂ ಹೇಳಿದ ಹೊತ್ತು ಇದೇ ಅನ್ನಿಸಿತು.

ಒಂದು ತಪ್ಪು ನನ್ನ ಕಡೆಯಿಂದಲೂ ಆಗಿತ್ತು. ನನ್ನ ಟಿವಿ ಚಿತ್ರವನ್ನು ಅಡ್ಡಕ್ಕೆ ಎಳೆದು ತೆರೆ ತುಂಬಿಸುತ್ತಿತ್ತು, ಎಲ್ಲರ ಮುಖವೂ ಅಗಲ. ಹಳೆಯ ಚಿತ್ರಕ್ಕೆ ಎಡಬಲದಲ್ಲಿ ಕಪ್ಪು ಪಟ್ಟಿ ಬರಲೇಬೇಕಂತೆ. ಇನ್ನೊಂದು, ಚಲನೆ ನಯ ಮಾಡುವ ಸೆಟ್ಟಿಂಗ್ ಆನ್ ಇತ್ತು. ಅದರಿಂದ ರೋಮ್‌ನ ಬೀದಿ ಟಿವಿ ಧಾರಾವಾಹಿಯ ಹಾಗೆ ಜಾರುತ್ತಿತ್ತು. ಎರಡನ್ನೂ ತೆಗೆದ ಮೇಲೆ ನೆರಳು, ಗೋಡೆ, ಮುಖ ಎಲ್ಲ ಬೇರೆಯೇ ಆಯಿತು.

ಫೋರ್ ಹಂಡ್ರೆಡ್ ಬ್ಲೋಸ್ ಮನಸ್ಸಿಗೆ ನಾಟಿತು. ಬ್ರೆತ್‌ಲೆಸ್ ಪೂರ್ತಿ ನೋಡಿದೆ. ಕಾರಿನ ದೃಶ್ಯ ಕಣ್ಣು ಮುಚ್ಚಿ ಕೇಳಿದೆ, ನೀವು ಹೇಳಿದ್ದು ತಿಳಿಯಿತು. ಆದರೂ ಆ ಚಿತ್ರ ನನಗೆ ಇಷ್ಟವಾಗಲಿಲ್ಲ.

ಟಿಳಕವಾಡಿ ಓದುಗಿ

ಇಷ್ಟವಾಗಲೇಬೇಕು ಅಂತ ಇಲ್ಲ. ಎರಡು ತಿಂಗಳು ಬಿಟ್ಟು ಆನ್ಯೆಸ್ ವಾರ್ದಾ ಅವರ ‘ಕ್ಲೆಯೊ ಫ್ರಮ್ ಫೈವ್ ಟು ಸೆವೆನ್’ (1962) ನೋಡಿ. ಒಬ್ಬಳು ಹಾಡುಗಾರ್ತಿ ವೈದ್ಯಕೀಯ ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಾ ಪ್ಯಾರಿಸ್ ಸುತ್ತುತ್ತಾಳೆ, ಹೆಚ್ಚುಕಡಿಮೆ ಗಡಿಯಾರದ ಹೊತ್ತಿನಲ್ಲೇ. ಕಾಯುವುದು ನಿಮಗೆ ಹಿಡಿಸಿದೆ, ಅದು ನಿಮ್ಮ ಚಿತ್ರ ಅನ್ನಿಸುತ್ತದೆ.

ರಬಕವಿ ಮಗ್ಗ

ಉಂಬೆರ್ತೊ ಡಿ ಅಡುಗೆಮನೆ ದೃಶ್ಯವನ್ನು ಅವ್ವನಿಗೆ ತೋರಿಸಿದೆ. ಕಥೆ ಏನೂ ಹೇಳಲಿಲ್ಲ. ಮಾತಿಲ್ಲದ್ದರಿಂದ ಸಬ್‌ಟೈಟಲ್ ಗೋಜೂ ಇರಲಿಲ್ಲ. ಅವ್ವ ಕಡೆತನಕ ನೋಡಿ, ‘ಹುಡುಗಿ ಬಸುರಿ ಅದಾಳ, ಪಾಪ, ಯಾರಿಗೂ ಹೇಳಿಲ್ಲ’ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಇರಿವಿಗೆ ನೀರು ಹಾಕಿದರ ಹೋಗೂದಿಲ್ಲ, ಅರಿಶಿಣ ಹಾಕಬೇಕು’ ಅಂದಳು.